ಮಳೆಗಾಲದಲ್ಲಿ ಕಂಡೆನ್ಸರ್ ಮೈಕ್ ಚಟಪಟ ಅಂದರೆ: ದೋಷ ಹುಡುಕೋದು, ಒಣಗಿಸೋದು, ಎತ್ತಿಡೋದು

ಮೇ ತಿಂಗಳವರೆಗೆ ಚೆನ್ನಾಗಿದ್ದ ಮೈಕ್. ಜುಲೈಯಲ್ಲಿ ಹಚ್ಚಿದರೆ ಮೊದಲ ಐದು ನಿಮಿಷ ಸರಿಯಾಗಿರುತ್ತದೆ. ಆಮೇಲೆ ಹಿಂದೆ ಎಲ್ಲೋ ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಸಣ್ಣಗೆ ಚಟಪಟ ಶುರುವಾಗುತ್ತದೆ. ಒಮ್ಮೊಮ್ಮೆ ನಿಲ್ಲುತ್ತದೆ, ಮತ್ತೆ ಬರುತ್ತದೆ, ನಡುವೆ ಒಂದು ದೊಡ್ಡ 'ಟಪ್'. ಕರಾವಳಿ, ಮಲೆನಾಡಿನಲ್ಲಿ ರೆಕಾರ್ಡಿಂಗ್ ಮಾಡುವವರಿಗೆ ಈ ಸದ್ದು ಗೊತ್ತೇ ಇರುತ್ತದೆ. ಹೆಚ್ಚಿನವರು ಮೊದಲು ಕೇಬಲ್ ಮೇಲೆ ಅನುಮಾನ ಪಡುತ್ತಾರೆ, ಆಮೇಲೆ ಇಂಟರ್‌ಫೇಸ್ ಮೇಲೆ, ಕೊನೆಗೆ ಮೈಕ್ ಹೋಯಿತು ಅಂತ ಹೊಸದು ತರುತ್ತಾರೆ. ಹೊಸದೂ ಮುಂದಿನ ಮಳೆಗಾಲಕ್ಕೆ ಇದೇ ಹಾಡು ಹಾಡುತ್ತದೆ. ಯಾಕೆಂದರೆ ಇಡುವ ಜಾಗ ಬದಲಾಗಿಲ್ಲ, ಅಲ್ವಾ?

ಇಲ್ಲಿ ಹೇಳುವುದು ಎರಡೇ ವಿಷಯ. ಈ ಸದ್ದು ತೇವದಿಂದ ಬಂದದ್ದೋ ಅಲ್ಲವೋ ಅಂತ ಸ್ಕ್ರೂ ಡ್ರೈವರ್ ಮುಟ್ಟದೆ ಕಂಡುಹಿಡಿಯುವುದು ಒಂದು. ತೇವದ್ದೇ ಆದರೆ ಒಣಗಿಸಿ ಎತ್ತಿಡುವುದು ಇನ್ನೊಂದು.

ಮೊದಲು ಸದ್ದನ್ನೇ ಕೇಳಿ

ತೇವದ ಚಟಪಟಕ್ಕೆ ತಾಳ ಇರುವುದಿಲ್ಲ. ಒಂದು ಸದ್ದು ಈಗ, ಇನ್ನೊಂದು ಮೂರು ಸೆಕೆಂಡ್ ಬಿಟ್ಟು, ಆಮೇಲೆ ಒಟ್ಟಿಗೆ ನಾಲ್ಕು. ಒಂದೇ ಲೆಕ್ಕದಲ್ಲಿ ಟಿಕ್ ಟಿಕ್ ಅಂತ ಬರುತ್ತಿದ್ದರೆ ಅದು ಬಹುಶಃ ಕಂಪ್ಯೂಟರಿನ ಬಫರ್ ಸಮಸ್ಯೆ. ಬಫರ್ ಸೈಜ್ ಹೆಚ್ಚಿಸಿ ನೋಡಿ. ಮೈಕ್ ಪೂರ್ತಿ ಕಿತ್ತರೂ ರೆಕಾರ್ಡಿಂಗ್‌ನಲ್ಲಿ ಸದ್ದು ಬರುತ್ತಿದ್ದರೆ ಮೈಕ್ ತಪ್ಪೇನೂ ಇಲ್ಲ. ಮೊಬೈಲ್ ಹತ್ತಿರ ಇದ್ದಾಗ ಬರುವ ಸದ್ದೂ ಬೇರೆ, ಅದಕ್ಕೊಂದು ತಾಳ ಇರುತ್ತದೆ, ಫೋನ್ ದೂರ ಇಟ್ಟರೆ ಹೋಗುತ್ತದೆ. ಗುಬ್ಬಿ ತಿರುಗಿಸಿದಾಗ ಮಾತ್ರ ಪರಪರ ಅಂದರೆ ಅದು ಮಿಕ್ಸರಿನ ಒಳಗಿನ ಪಾಟ್, ಅದನ್ನು ಕೊನೆಗೆ ನೋಡೋಣ.

ಇವೆಲ್ಲ ಅಲ್ಲ ಅಂತಾದ ಮೇಲೆ ಅದಲು ಬದಲು ಮಾಡಿ ನೋಡಬೇಕು. ಇಲ್ಲಿ ಕ್ರಮ ಮುಖ್ಯ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ.

ಅದೇ ಕೇಬಲ್, ಅದೇ ಚಾನೆಲ್ ಇಟ್ಟುಕೊಂಡು ಮಾಮೂಲಿ ಡೈನಾಮಿಕ್ ಮೈಕ್ ಹಾಕಿ. ವೇದಿಕೆ ಮೇಲೆ ಕೈಯಲ್ಲಿ ಹಿಡಿದು ಹಾಡುತ್ತಾರಲ್ಲ, ಅದು. ಮೊದಲು ಫ್ಯಾಂಟಮ್ ಪವರ್, ಅಂದರೆ ಕಂಡೆನ್ಸರ್ ಮೈಕ್‌ಗೆ ಕೇಬಲ್ ಮೂಲಕವೇ ಹೋಗುವ 48 ವೋಲ್ಟ್, ಆಫ್ ಇಟ್ಟು ಕೇಳಿ. ಆಮೇಲೆ ಸ್ಪೀಕರ್ ಮ್ಯೂಟ್ ಮಾಡಿ, 48V ಬಟನ್ ಒತ್ತಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿ. ಕೇಬಲ್ ಸರಿಯಾದ ಬ್ಯಾಲೆನ್ಸ್ಡ್ ಕೇಬಲ್ ಆಗಿದ್ದರೆ ಡೈನಾಮಿಕ್ ಮೈಕ್‌ಗೆ ಇದರಿಂದ ತೊಂದರೆ ಇಲ್ಲ. ರಿಬ್ಬನ್ ಮೈಕ್‌ನಲ್ಲಿ ಮಾತ್ರ ಈ ಪರೀಕ್ಷೆ ಬೇಡ.

48 ವೋಲ್ಟ್ ಹಾಕಿದ ಕೂಡಲೇ ಡೈನಾಮಿಕ್ ಮೈಕ್‌ನಲ್ಲೂ ಚಟಪಟ ಬಂದರೆ, ವೋಲ್ಟೇಜ್ ಎಲ್ಲೋ ಸೋರುತ್ತಿದೆ. ಕೇಬಲ್‌ನ ಕನೆಕ್ಟರ್ ಒಳಗೆ ತೇವ ಇರಬಹುದು, ಪಿನ್ ಮೇಲೆ ಕಿಲುಬು ಇರಬಹುದು, ಇಲ್ಲವೇ ಪ್ರೀಆಂಪ್‌ನ ಒಳಗಿನ ಕೆಪಾಸಿಟರ್ ಕೆಟ್ಟಿರಬಹುದು. ಕೇಬಲ್ ಬದಲಿಸಿ, ಆಮೇಲೆ ಚಾನೆಲ್ ಬದಲಿಸಿ, ಎಲ್ಲಿ ನಿಲ್ಲುತ್ತದೆ ನೋಡಿ. ಎರಡೂ ಸಲ ಡೈನಾಮಿಕ್ ಮೈಕ್ ತಣ್ಣಗೆ ಕೂತಿದ್ದರೆ ಕೇಬಲ್, ಪ್ರೀಆಂಪ್ ಎರಡೂ ಪಾಸ್. ಇನ್ನು ಅನುಮಾನ ಕಂಡೆನ್ಸರ್ ಮೈಕ್ ಒಂದರ ಮೇಲೆ.

ಡೈನಾಮಿಕ್‌ಗೆ ಆಗದ್ದು ಕಂಡೆನ್ಸರ್‌ಗೆ ಯಾಕೆ

ಕಂಡೆನ್ಸರ್ ಮೈಕ್‌ನ ಜಾಲರಿಯ ಒಳಗೆ ಒಂದು ಕ್ಯಾಪ್ಸೂಲ್ ಇದೆ. ಅದರ ಮುಂದೆ ಕೆಲವೇ ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಪೊರೆ, ಮೇಲೆ ಚಿನ್ನದ ಲೇಪ. ಪೊರೆಯ ಹಿಂದೆ ಕೂದಲೆಳೆಯಷ್ಟು ಸಂದು, ಸಂದಿನ ಆಚೆ ಲೋಹದ ತಟ್ಟೆ. ಈ ಎರಡರ ನಡುವೆ ಸಾಮಾನ್ಯವಾಗಿ 40ರಿಂದ 80 ವೋಲ್ಟ್ ನಿಂತಿರುತ್ತದೆ. ಎಲೆಕ್ಟ್ರೆಟ್ ಮೈಕ್ ಆದರೆ ಹೊರಗಿನ ವೋಲ್ಟೇಜ್ ಬದಲು ವಸ್ತುವಿನಲ್ಲೇ ತುಂಬಿಟ್ಟ ಚಾರ್ಜ್. ಯಾವುದಾದರೂ ಸರಿ, ಆ ಚಾರ್ಜ್ ಅಲ್ಲೇ ನಿಲ್ಲಬೇಕು. ಅದಕ್ಕಾಗಿ ಒಂದು ಗಿಗಾಓಮ್ ಮಟ್ಟದ ರೆಸಿಸ್ಟರ್ ಹಾಕಿರುತ್ತಾರೆ. ಗಿಗಾಓಮ್ ಅಂದರೆ ನೂರು ಕೋಟಿ ಓಮ್. ಮಾಮೂಲಿ ಸರ್ಕ್ಯೂಟ್‌ಗಳಲ್ಲಿ ಇಷ್ಟು ದೊಡ್ಡ ರೆಸಿಸ್ಟರ್ ಕಾಣಸಿಗುವುದು ಅಪರೂಪ.

ಈಗ ಕ್ಯಾಪ್ಸೂಲ್‌ನ ಅಂಚಿನಲ್ಲಿ ಸ್ವಲ್ಪ ಧೂಳು, ಮಾತಾಡುವಾಗ ಹಾರಿದ ಉಗುಳಿನ ಉಪ್ಪು ಕೂತಿದೆ ಅಂದುಕೊಳ್ಳಿ. ಒಣಗಿದ್ದಾಗ ಅದರಿಂದ ತೊಂದರೆ ಇಲ್ಲ. ಗಾಳಿಯ ತೇವ ಹೆಚ್ಚಾದಾಗ ಆ ಉಪ್ಪು ನೀರು ಹೀರಿಕೊಳ್ಳುತ್ತದೆ. ಆಗ ಅಲ್ಲೊಂದು ಕಳ್ಳದಾರಿ ತೆರೆದುಕೊಳ್ಳುತ್ತದೆ, ಚಾರ್ಜ್ ಅದರ ಮೂಲಕ ಸೋರುತ್ತದೆ. ಒಂದೇ ಸಮ ಸೋರಿದ್ದರೆ ಬರೀ ಧ್ವನಿ ಇಳಿಯುತ್ತಿತ್ತು. ಅದು ಬಿಟ್ಟು ಬಿಟ್ಟು ಸೋರುವುದರಿಂದ ಪ್ರತಿ ಸಲವೂ ಒಂದು 'ಟಪ್' ಕೇಳುತ್ತದೆ. ಡೈನಾಮಿಕ್ ಮೈಕ್‌ನಲ್ಲಿ ಇರುವುದು ತಂತಿಯ ಸುರುಳಿ ಮತ್ತು ಅಯಸ್ಕಾಂತ, ಸೋರಲಿಕ್ಕೆ ಚಾರ್ಜೇ ಇಲ್ಲ. ಹಾಗಾಗಿ ಅದು ಮಳೆಗಾಲಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಇನ್ನೊಂದು ಮಾತು. ಕಂಡೆನ್ಸರ್‌ಗಳಲ್ಲೇ ಆರ್‌ಎಫ್ ತಂತ್ರದವು ಅಂತ ಒಂದು ಜಾತಿ ಇದೆ, ಸೆನ್‌ಹೈಸರ್‌ನ ಎಂಕೆಎಚ್ ಸಾಲು ಅದಕ್ಕೆ ಉದಾಹರಣೆ. ಅವುಗಳಲ್ಲಿ ಕ್ಯಾಪ್ಸೂಲ್ ಇಷ್ಟು ದೊಡ್ಡ ರೆಸಿಸ್ಟೆನ್ಸ್ ಮೇಲೆ ನಿಂತಿರುವುದಿಲ್ಲ, ಹಾಗಾಗಿ ತೇವವನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ. ಹೊರಾಂಗಣ ರೆಕಾರ್ಡಿಂಗ್ ಮಾಡುವವರು ಅವನ್ನು ಇಷ್ಟಪಡುವುದಕ್ಕೆ ಇದೂ ಒಂದು ಕಾರಣ. ಆದರೆ ಬೆಲೆ ನೋಡಿದರೆ ನಮಗೆ ಸಿಲಿಕಾ ಜೆಲ್ಲೇ ವಾಸಿ.

ಒಣಗಿಸುವುದೇ ಪರೀಕ್ಷೆ

ಅನುಮಾನ ಇರುವ ಮೈಕನ್ನು ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಒಣಗಿದ ಸಿಲಿಕಾ ಜೆಲ್ ಜೊತೆ ಒಂದರಿಂದ ಎರಡು ದಿನ ಇಡಿ. ಮೈಕ್‌ನ ಸ್ವಂತ ಪೆಟ್ಟಿಗೆ, ಸ್ಪಂಜು, ಬಟ್ಟೆ ಯಾವುದೂ ಒಳಗೆ ಬೇಡ. ಡಬ್ಬಿಯಿಂದ ತೆಗೆದ ಕೂಡಲೇ ಕೇಳಿ ನೋಡಿ.

ಸದ್ದು ಪೂರ್ತಿ ಹೋಗಿದ್ದು, ಹೊರಗಿನ ಗಾಳಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಬಂದರೆ ಅದು ತೇವದ ಸೋರಿಕೆಯೇ. ಒಣಗಿಸಿದ ಮೇಲೂ ಅಷ್ಟೇ ಜೋರಾಗಿ ಚಟಪಟ ಅಂದರೆ ಬೇರೆ ಕಾರಣ ಇದೆ. ಪೊರೆಗೆ ತೂತು, ಒಳಗಿನ ಟ್ರಾನ್ಸಿಸ್ಟರ್ ಸುಸ್ತಾಗಿರುವುದು, ಬೆಸುಗೆ ಬಿಟ್ಟಿರುವುದು, ಹೀಗೆ. ಮೈಕ್‌ನ ಮೈಗೆ ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಸದ್ದಿನ ರೀತಿ ಬದಲಾದರೆ ಎಲ್ಲೋ ಸಡಿಲ ಸಂಪರ್ಕ ಇದೆ ಅಂತ ಅರ್ಥ. ಅದಕ್ಕೆ ರಿಪೇರಿಯವರೇ ಗತಿ.

ಬಾಯಿಂದ ಬಿಸಿ ಉಸಿರು ಬಿಟ್ಟು ನೋಡುವ ಪರೀಕ್ಷೆಯೂ ಇದೆ. ಒಳ್ಳೆಯ ಮೈಕ್ ಸುಮ್ನೆ ಇರುತ್ತದೆ, ಸೋರುವ ಮೈಕ್ ಕೆಲವೇ ಸೆಕೆಂಡಿನಲ್ಲಿ ಚಟಪಟ ಶುರು ಮಾಡುತ್ತದೆ. ಕೆಲಸ ಮಾಡುವ ಪರೀಕ್ಷೆಯೇ. ಆದರೆ ನೀವು ಮತ್ತಷ್ಟು ತೇವವನ್ನು ಒಳಗೆ ಕಳಿಸುತ್ತಿದ್ದೀರಿ, ಅದಕ್ಕೇ ನನಗೆ ಇಷ್ಟವಿಲ್ಲ. ಎರಡು ದಿನ ಕಾಯಲು ಪುರುಸೊತ್ತು ಇಲ್ಲದಿದ್ದರೆ ಮಾತ್ರ ಮಾಡಿ.

ಹೇರ್ ಡ್ರೈಯರ್ ಬೇಡ. ಬಿಸಿಗಾಳಿ ಧೂಳನ್ನು ಪೊರೆಗೆ ಅಂಟಿಸುತ್ತದೆ, ಗಾಳಿಯ ಒತ್ತಡ ಪೊರೆಗೆ ಒಳ್ಳೆಯದಲ್ಲ. ಬಿಸಿಲಿಗೂ ಇಡಬೇಡಿ, ಲೋಹದ ಮೈ ಕಾದು ಒಳಗಿನ ಅಂಟು ಸಡಿಲಾಗುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಡುವವರಿದ್ದಾರೆ. ಅಕ್ಕಿ ಹೀರುವ ತೇವ ಅಷ್ಟಕ್ಕಷ್ಟೇ, ಬದಲಿಗೆ ಅಕ್ಕಿಯ ಹುಡಿ ಜಾಲರಿಯ ಒಳಗೆ ಹೋಗಿ ಬೂಷ್ಟಿಗೆ ಊಟವಾಗುತ್ತದೆ.

ಒಂದು ಕೇಸು: ಎಸಿ ಕೋಣೆಯಿಂದ ಚಾವಡಿಗೆ

ಕರಾವಳಿಯಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ ಮುಗಿಯುತ್ತದೆ. ಮಳೆಗಾಲದಲ್ಲಿ ತಾಳಮದ್ದಳೆ ಜೋರು. ಕುಂದಾಪುರದ ಕಡೆ ಒಬ್ಬ ಹುಡುಗ ಮನೆಯ ಒಂದು ಕೋಣೆಗೆ ಎಸಿ ಹಾಕಿಸಿ ಸ್ಟುಡಿಯೋ ಮಾಡಿಕೊಂಡಿದ್ದಾನೆ, ಮಳೆಗಾಲದಲ್ಲಿ ಮನೆಗಳಿಗೆ ಹೋಗಿ ತಾಳಮದ್ದಳೆ ರೆಕಾರ್ಡ್ ಮಾಡುತ್ತಾನೆ. ದೊಡ್ಡ ಡಯಾಫ್ರಾಮಿನ ಕಂಡೆನ್ಸರ್ ಮೈಕ್ ಅವನದ್ದು. ಜುಲೈಯಲ್ಲಿ ಫೋನ್ ಮಾಡಿದ. "ಅಣ್ಣ, ಕೇಬಲ್ ಹೋದ ಹಾಗೆ ಕಾಣ್ತದೆ. ಸ್ಟುಡಿಯೋದಲ್ಲಿ ಸರಿ ಇರ್ತದೆ, ಅಲ್ಲಿ ಹೋದರೆ ಹತ್ತೇ ನಿಮಿಷಕ್ಕೆ ಶುರು."

'ಇಲ್ಲಿ ಸರಿ, ಅಲ್ಲಿ ಸರಿ ಇಲ್ಲ' ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಕೇಬಲ್ ಹಾಳಾಗಿದ್ದರೆ ಎರಡೂ ಕಡೆ ಹಾಳಾಗಿರಬೇಕಿತ್ತು. ಆದರೂ ಕ್ರಮ ತಪ್ಪಬಾರದು ಅಂತ ಡೈನಾಮಿಕ್ ಮೈಕ್ ಹಾಕಿ, 48 ವೋಲ್ಟ್ ಆಫ್ ಮತ್ತು ಆನ್ ಎರಡರಲ್ಲೂ ಕೇಳಿಸಿದೆ. ಸದ್ದಿಲ್ಲ. ಹಾಗಾಗಿ ಕೇಬಲ್ ಅಲ್ಲ, ಮಿಕ್ಸರ್ ಅಲ್ಲ.

ಈಗ ಲೆಕ್ಕ ನೋಡಿ. ಚಾವಡಿಯಲ್ಲಿ ತಾಪ 27 ಡಿಗ್ರಿ, ತೇವ ಶೇ. 90 ಅಂದುಕೊಳ್ಳೋಣ, ಜುಲೈಯ ಕರಾವಳಿಯಲ್ಲಿ ಇದು ದಿನನಿತ್ಯದ ಮಾತು. ಇಂಥ ಗಾಳಿ ಸುಮಾರು 25 ಡಿಗ್ರಿಗೆ ಇಳಿದರೆ ಸಾಕು, ನೀರಾಗುತ್ತದೆ. ಎಸಿ ಕೋಣೆಯಲ್ಲಿ 22 ಡಿಗ್ರಿಗೆ ತಣ್ಣಗಾದ ಮೈಕನ್ನು ಸೀದಾ ಅಲ್ಲಿಗೆ ತಂದು ಸ್ಟ್ಯಾಂಡಿಗೆ ಹಾಕಿದರೆ, ಮೈಕ್‌ನ ಮೈ ಮೇಲೆ ಮಾತ್ರ ಅಲ್ಲ, ಒಳಗಿನ ಕ್ಯಾಪ್ಸೂಲ್ ಮೇಲೂ ಇಬ್ಬನಿ ಕೂರುತ್ತದೆ. ಕನ್ನಡಕ ಹಾಕುವವರು ಎಸಿ ಕಾರಿನಿಂದ ಇಳಿದ ಕೂಡಲೇ ಏನಾಗುತ್ತದೆ ಅಂತ ನೆನಪು ಮಾಡಿಕೊಳ್ಳಿ. ಅದೇ ವಿಷಯ.

ಮುಂದಿನ ಕಾರ್ಯಕ್ರಮಕ್ಕೆ ಅವನು ಮೈಕನ್ನು ಎಸಿ ಕೋಣೆಯಲ್ಲೇ ಜಿಪ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಮುಚ್ಚಿಕೊಂಡು ಹೋದ. ಚಾವಡಿಯಲ್ಲಿ ಒಂದು ಗಂಟೆ ಚೀಲ ಬಿಚ್ಚಲೇ ಇಲ್ಲ. ಇಬ್ಬನಿ ಕೂತರೆ ಚೀಲದ ಹೊರಗೆ ಕೂರುತ್ತದೆ, ಮೈಕ್ ಒಣಗಿಯೇ ಬೆಚ್ಚಗಾಗುತ್ತದೆ. ಮೈಕ್ ಕೋಣೆಯ ತಾಪಕ್ಕೆ ಬಂದ ಮೇಲೆ ತೆಗೆದು ಹಾಕಿದ. ಮೊದಲ ಅರ್ಧ ಗಂಟೆ ಸದ್ದೇ ಇಲ್ಲ. ಆಮೇಲೆ ಮತ್ತೆ ಸಣ್ಣಗೆ ಶುರುವಾಯಿತು, ಮೊದಲಿನಷ್ಟು ಜೋರಲ್ಲ.

ಇದರಿಂದ ಎರಡು ಕಾರಣ ಬೇರೆಬೇರೆಯಾದವು. ಹತ್ತು ನಿಮಿಷಕ್ಕೇ ಬರುತ್ತಿದ್ದ ಜೋರು ಸದ್ದು ಇಬ್ಬನಿಯದ್ದು. ಅರ್ಧ ಗಂಟೆ ಬಿಟ್ಟು ಬಂದ ಸಣ್ಣ ಸದ್ದು ಕ್ಯಾಪ್ಸೂಲ್ ಮೇಲಿನ ಕೊಳೆಯದ್ದು. ಶುದ್ಧವಾದ ಕ್ಯಾಪ್ಸೂಲ್ ತೇವದ ಗಾಳಿಯನ್ನೂ ಸುಮಾರು ತಡೆದುಕೊಳ್ಳುತ್ತದೆ, ಕೊಳೆ ಇದ್ದದ್ದು ತಡೆದುಕೊಳ್ಳುವುದಿಲ್ಲ. ಅರ್ಥಧಾರಿಗಳು ಗಂಟೆಗಟ್ಟಲೆ ಮೈಕ್‌ನ ಮುಂದೆ ಆವೇಶದಿಂದ ಮಾತಾಡುವಾಗ ಉಗುಳು ಹಾರದೆ ಇರುತ್ತದೆಯೇ? ಪಾಪ್ ಫಿಲ್ಟರ್ ಇರಲಿಲ್ಲ, ನೋಡಲು ಚಂದ ಕಾಣುವುದಿಲ್ಲ ಅಂತ ತೆಗೆದಿಟ್ಟಿದ್ದರು. ಟಾರ್ಚ್ ಹಿಡಿದು ಜಾಲರಿಯೊಳಗೆ ನೋಡಿದಾಗ ಅಲ್ಲಿನ ಸ್ಪಂಜಿನ ಪದರ ಅಂಟಂಟಾಗಿತ್ತು, ಅಂಚಿನಲ್ಲಿ ಬಿಳಿ ಚುಕ್ಕೆಗಳಿದ್ದವು.

ಮೈಕನ್ನು ಕ್ಯಾಪ್ಸೂಲ್ ಶುಚಿ ಮಾಡಲು ಗೊತ್ತಿರುವ ರಿಪೇರಿಯವರಿಗೆ ಕೊಟ್ಟಾಯಿತು. ಬಂದ ಮೇಲೆ ಪಾಪ್ ಫಿಲ್ಟರ್ ಮತ್ತು ಚೀಲದ ಕ್ರಮ ಎರಡೂ ಇಟ್ಟುಕೊಂಡ, ಆ ಮಳೆಗಾಲದ ಉಳಿದ ಕಾರ್ಯಕ್ರಮಗಳಲ್ಲಿ ತೊಂದರೆ ಬರಲಿಲ್ಲ.

ಇದರಲ್ಲಿ ಇನ್ನೊಂದು ಸಣ್ಣ ಪತ್ತೆದಾರಿಕೆ ಇತ್ತು. ಅವನ ಎಸಿ ಕೋಣೆಯಲ್ಲೇ ಇದ್ದ ಮೈಕ್‌ಗೆ ಬಿಳಿ ಚುಕ್ಕೆ ಹೇಗೆ ಬಂತು? ಎಸಿ ಇದ್ದರೆ ಒಣಗಿರಬೇಕಲ್ಲ? ತೇವಮಾಪಕ ಇಟ್ಟು ನೋಡಿದಾಗ ಗೊತ್ತಾಯಿತು. ಎಸಿ ಓಡುವಾಗ ಶೇ. 60ರ ಆಸುಪಾಸು. ರಾತ್ರಿ ಆಫ್ ಮಾಡಿದ ಮೇಲೆ ಬೆಳಗಿನ ಹೊತ್ತಿಗೆ ಶೇ. 85 ದಾಟುತ್ತಿತ್ತು. ಎಸಿ ನಿಂತ ಕೂಡಲೇ ಬಾಗಿಲ ಸಂದಿಯಿಂದ ಹೊರಗಿನ ಗಾಳಿ ಬರುತ್ತದೆ, ಗೋಡೆ, ಮೇಜು, ಮೈಕ್ ಎಲ್ಲ ಇನ್ನೂ ತಣ್ಣಗೇ ಇರುತ್ತವೆ. ಅಂದರೆ ದಿನಾ ರಾತ್ರಿ ಸ್ಟ್ಯಾಂಡಿನ ಮೇಲೆ ಬಿಟ್ಟ ಮೈಕ್ ದಿನಾ ಒದ್ದೆಯಾಗುತ್ತಿತ್ತು. ಮಳೆಗಾಲದಲ್ಲಿ ಹಗಲು ಮಾತ್ರ ಎಸಿ ಓಡುವ ಕೋಣೆ, ಎಸಿಯೇ ಇಲ್ಲದ ಕೋಣೆಗಿಂತ ಮೈಕ್‌ಗೆ ಕೆಟ್ಟದ್ದು ಅಂತಲೇ ನನ್ನ ಅಭಿಪ್ರಾಯ.

ಬೂಷ್ಟು ಬಂದಿದೆಯೋ ಅಂತ ನೋಡುವುದು

ಟಾರ್ಚನ್ನು ಓರೆಯಾಗಿ ಹಿಡಿದು ಜಾಲರಿಯ ಮೂಲಕ ನೋಡಿ. ನೇರವಾಗಿ ಹಿಡಿದರೆ ಜಾಲರಿಯೇ ಹೊಳೆಯುತ್ತದೆ, ಒಳಗೇನೂ ಕಾಣುವುದಿಲ್ಲ. ಧೂಳು ಅಲ್ಲಲ್ಲಿ ಬಿಡಿಬಿಡಿಯಾಗಿ ಕೂತಿರುತ್ತದೆ. ಬೂಷ್ಟು ಗುಂಡಗೆ ಚುಕ್ಕೆಯಾಗಿ, ಇಲ್ಲವೇ ನೂಲೆಳೆ ಹರಡಿದ ಹಾಗೆ ಇರುತ್ತದೆ. ಮೂಗೂ ಕೆಲಸಕ್ಕೆ ಬರುತ್ತದೆ. ಪೆಟ್ಟಿಗೆ ತೆರೆದಾಗ ಹಳೆ ಪುಸ್ತಕದ ವಾಸನೆ ಬಂದರೆ ಬೂಷ್ಟು ಮೈಕ್‌ಗೆ ಇನ್ನೂ ಹತ್ತಿಲ್ಲದಿದ್ದರೂ ಪೆಟ್ಟಿಗೆಗೆ ಹತ್ತಿದೆ.

ನಿಜ ಹೇಳಬೇಕೆಂದರೆ ಹೆಚ್ಚಿನ ಸಲ ಕಳ್ಳ ಪೆಟ್ಟಿಗೆಯೇ. ಮೈಕ್ ಜೊತೆ ಬರುವ ಚಂದದ ಪೆಟ್ಟಿಗೆಯಲ್ಲಿ ಸ್ಪಂಜು, ಮಖಮಲ್ಲು, ಕೆಲವದರಲ್ಲಿ ಮರ ಅಥವಾ ಚರ್ಮ ಇರುತ್ತದೆ. ನಾಲ್ಕೂ ತೇವ ಹೀರುತ್ತವೆ, ಹಿಡಿದಿಟ್ಟುಕೊಳ್ಳುತ್ತವೆ. ಹೊರಗೆ ಬಿಸಿಲು ಬಂದು ಎಲ್ಲ ಒಣಗಿದ ಮೇಲೂ ಆ ಸ್ಪಂಜು ಒಳಗಿಂದ ತೇವ ಬಿಡುತ್ತಲೇ ಇರುತ್ತದೆ. ಹಳೆಯ ಸ್ಪಂಜು ಪುಡಿಯಾಗಿ ಅಂಟಿಕೊಳ್ಳುವುದೂ ಉಂಟು. ಪ್ರಯಾಣಕ್ಕೆ ಆ ಪೆಟ್ಟಿಗೆ ಇರಲಿ, ಮಳೆಗಾಲದ ವಾಸಕ್ಕೆ ಬೇಡ.

ಜಾಲರಿಯ ಸ್ಪಂಜು ಸುಲಭವಾಗಿ ಹೊರಬರುವ ಮೈಕ್ ಆದರೆ ಅದನ್ನು ತೆಗೆದು ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಬಹುದು. ಹೊರಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಬಹುದು. ಅಲ್ಲಿಗೆ ನಿಲ್ಲಿಸಿ. ಪೊರೆಗೆ ಬಟ್ಟೆ, ಹತ್ತಿ ಕಡ್ಡಿ, ಬಾಯಿಯ ಗಾಳಿ, ಗಾಳಿಯ ಕ್ಯಾನ್ ಯಾವುದೂ ಸೋಕಬಾರದು. ಚಿನ್ನದ ಲೇಪ ಒರೆಸಿದರೆ ಎದ್ದು ಬರುತ್ತದೆ, ಬಂದ ಮೇಲೆ ಆ ಕ್ಯಾಪ್ಸೂಲ್ ಸರಿಮಾಡಲು ಬರುವುದಿಲ್ಲ, ಬದಲಾಯಿಸಬೇಕು. ಒಳಗಿನ ಬೋರ್ಡಿನ ದೊಡ್ಡ ರೆಸಿಸ್ಟರ್‌ಗಳನ್ನು ಬೆರಳಿಂದ ಮುಟ್ಟಲೂ ಬಾರದು. ಬೆರಳಿನ ಎಣ್ಣೆ, ಬೆವರೇ ಅಲ್ಲಿ ಹೊಸ ಕಳ್ಳದಾರಿ.

ಎತ್ತಿಡುವುದು

ನನ್ನ ಪ್ರಕಾರ ಮೊದಲು ಕೊಳ್ಳಬೇಕಾದದ್ದು ಡ್ರೈ ಕ್ಯಾಬಿನೆಟ್ ಅಲ್ಲ, ಚಿಕ್ಕ ಡಿಜಿಟಲ್ ತೇವಮಾಪಕ. ಅದಿಲ್ಲದೆ ಮಾಡುವುದೆಲ್ಲ ಅಂದಾಜು. ಅಗ್ಗದ ಮಾಪಕ ಸುಳ್ಳು ಹೇಳುತ್ತದೆ ಅಂತ ಅನುಮಾನ ಇದ್ದರೆ ಅಡುಗೆಮನೆಯ ಉಪ್ಪಿನಿಂದಲೇ ಪರೀಕ್ಷಿಸಬಹುದು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನ ಹಾಗೆ ಆಗುವಷ್ಟು ಮಾತ್ರ ನೀರು ಬೆರೆಸಿ. ಅದನ್ನೂ ಮಾಪಕವನ್ನೂ ಒಂದೇ ಜಿಪ್ ಚೀಲದಲ್ಲಿ, ಒಂದಕ್ಕೊಂದು ತಾಗದಂತೆ, ಎಂಟರಿಂದ ಹನ್ನೆರಡು ಗಂಟೆ ಮುಚ್ಚಿಡಿ. ಒಳಗಿನ ಗಾಳಿ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಮಾಪಕ 80 ತೋರಿಸಿದರೆ ಅದು 5 ಜಾಸ್ತಿ ಹೇಳುತ್ತಿದೆ ಅಂತ ಅದರ ಬೆನ್ನ ಮೇಲೆ ಬರೆದಿಡಿ, ಸಾಕು.

ಮೈಕ್‌ಗೆ ಶೇ. 40ರಿಂದ 50 ಒಳ್ಳೆಯದು. 60 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟಿನ ಭಯ ಶುರು, 70ರ ಮೇಲೆ ಅದಕ್ಕೆ ಹಬ್ಬ. ಇನ್ನೂ ಒಣಗಲಿ ಅಂತ 20ಕ್ಕೆ ಇಳಿಸುವುದರಿಂದ ಲಾಭವಿಲ್ಲ. ರಬ್ಬರ್, ಚರ್ಮದ ಭಾಗಗಳು ಒಣಗಿ ಬಿರುಕು ಬಿಡುತ್ತವೆ, ಅಷ್ಟೇ.

ಡಬ್ಬಿ ಅಂದರೆ ರಬ್ಬರ್ ಪಟ್ಟಿ ಇರುವ, ನಾಲ್ಕೂ ಕಡೆ ಕ್ಲಿಪ್ ಒತ್ತುವ ಪ್ಲಾಸ್ಟಿಕ್ ಡಬ್ಬಿ. ಹತ್ತು ಲೀಟರಿನದ್ದಕ್ಕೆ 200 ಗ್ರಾಂ ಸಿಲಿಕಾ ಜೆಲ್ ಧಾರಾಳವಾಯಿತು. ಶೂ ಪೆಟ್ಟಿಗೆಯಲ್ಲಿ ಬರುವ ಸಣ್ಣ ಪೊಟ್ಟಣಗಳನ್ನು ಕೂಡಿಟ್ಟು ಹಾಕುವವರಿದ್ದಾರೆ. ಅವು ನಿಮ್ಮ ಕೈಗೆ ಬರುವ ಹೊತ್ತಿಗೇ ಹೊಟ್ಟೆ ತುಂಬಿಸಿಕೊಂಡಿರುತ್ತವೆ. ಬಣ್ಣ ಬದಲಾಗುವ ಬಿಡಿ ಜೆಲ್ ತೆಗೆದುಕೊಂಡು ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ. ಕಿತ್ತಳೆ ಬಣ್ಣದ್ದು ತೇವ ಹೀರಿದಾಗ ಹಸಿರಾಗುತ್ತದೆ. ನೀಲಿಯದು ಗುಲಾಬಿಯಾಗುತ್ತದೆ, ಆದರೆ ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷ ಇರುತ್ತದೆ. ಮಕ್ಕಳಿರುವ ಮನೆಯಲ್ಲಿ ಕಿತ್ತಳೆಯೇ ಇರಲಿ. ಒಣಗಿಸಲು ಓವನ್‌ನಲ್ಲಿ 110ರಿಂದ 120 ಡಿಗ್ರಿಗೆ ಒಂದೆರಡು ಗಂಟೆ ಇಡಿ, ಬಣ್ಣ ವಾಪಸ್ ಬರುತ್ತದೆ. ಅದಕ್ಕಿಂತ ಹೆಚ್ಚು ಕಾಯಿಸಿದರೆ ಬಣ್ಣವೇ ಸುಟ್ಟುಹೋಗುತ್ತದೆ. ಪೂರ್ತಿ ತಣಿದ ಮೇಲೆ ಡಬ್ಬಿಗೆ ಹಾಕಿ, ಆದರೆ ತಣಿಯುವಾಗಲೂ ಮುಚ್ಚಿದ ಗಾಜಿನ ಬಾಟಲಿಯಲ್ಲಿರಲಿ. ಇಲ್ಲದಿದ್ದರೆ ಮಳೆಗಾಲದ ಗಾಳಿ ಅಷ್ಟರಲ್ಲೇ ಕೆಲಸ ಮುಗಿಸುತ್ತದೆ.

ಜೆಲ್ ಒಂದೇ ವಾರದಲ್ಲಿ ಹಸಿರಾಗುತ್ತದೆ, ಇದು ಸರಿ ಇಲ್ಲ ಅಂತ ದೂರುವವರು ಬಹಳ. ಇಲ್ಲೊಂದು ಲೆಕ್ಕ ಇದೆ. 27 ಡಿಗ್ರಿ, ಶೇ. 90 ತೇವದ ಹತ್ತು ಲೀಟರ್ ಗಾಳಿಯಲ್ಲಿ ಇರುವ ನೀರು ಕಾಲು ಗ್ರಾಂಗಿಂತಲೂ ಕಡಿಮೆ. ಆದರೆ 200 ಗ್ರಾಂ ಒಳ್ಳೆಯ ಜೆಲ್ ಡಬ್ಬಿಯ ತೇವ ಶೇ. 40 ದಾಟಲು ಬಿಡದೆಯೇ ಸುಮಾರು 40 ಗ್ರಾಂ ನೀರು ಹೀರಬಲ್ಲದು. ಅಂದರೆ ನೀವು ದಿನಾ ಮುಚ್ಚಳ ತೆಗೆದು ಹಾಕಿದರೂ ಜೆಲ್ ತಿಂಗಳುಗಟ್ಟಲೆ ಬಾಳಬೇಕು. ವಾರಕ್ಕೇ ಮುಗಿದರೆ ಆ ನೀರು ಮುಚ್ಚಳ ತೆಗೆದಾಗ ಬಂದ ಗಾಳಿಯದ್ದಲ್ಲ. ಒಂದೋ ಡಬ್ಬಿಯ ಮುಚ್ಚಳ ಸೋರುತ್ತಿದೆ, ಇಲ್ಲವೇ ಒಳಗೆ ಸ್ಪಂಜು, ಬಟ್ಟೆ, ರಟ್ಟು ಏನೋ ಒದ್ದೆಯಾದದ್ದು ಕೂತಿದೆ. ಎಲ್ಲ ಹೊರಗೆ ತೆಗೆದು ಜೆಲ್ ಮತ್ತು ಮಾಪಕ ಮಾತ್ರ ಇಟ್ಟು ಮೂರು ದಿನ ನೋಡಿ. ಆಗಲೂ ಅಂಕಿ ಏರಿದರೆ ಮುಚ್ಚಳ ಬದಲಿಸಿ. ಇಳಿದು ಹಾಗೇ ನಿಂತರೆ ದೋಷ ನೀವು ಹೊರತೆಗೆದ ಸಾಮಾನಿನಲ್ಲಿದೆ.

ಕಪಾಟಿಗೆ ನೇತುಹಾಕುವ, ನೀರು ತುಂಬಿಕೊಳ್ಳುವ ಡಬ್ಬಗಳು ಸಿಗುತ್ತವಲ್ಲ, ಅವುಗಳಲ್ಲಿ ಇರುವುದು ಕ್ಯಾಲ್ಸಿಯಂ ಕ್ಲೋರೈಡ್. ಬಟ್ಟೆಯ ಕಪಾಟಿಗೆ ಸರಿ. ಮೈಕ್ ಪಕ್ಕ ಬೇಡ. ಆ ಉಪ್ಪುನೀರು ಚೆಲ್ಲಿದರೆ ತುಕ್ಕು ಹಿಡಿಸುವುದರಲ್ಲಿ ಸಮುದ್ರದ ನೀರಿಗೆ ಕಡಿಮೆ ಇಲ್ಲ. ನುಸಿ ಗುಳಿಗೆ, ಕರ್ಪೂರ ಎರಡೂ ಬೇಡ. ಅವು ಆವಿಯಾಗಿ ಮತ್ತೆ ಎಲ್ಲಿ ಬೇಕಾದರೂ ಕೂರುತ್ತವೆ, ಪೊರೆಯ ಮೇಲೂ.

ಕಪಾಟಿನೊಳಗೆ ಸಣ್ಣ ಬಲ್ಬ್ ಉರಿಸುವ ಹಳೆ ಪದ್ಧತಿ ಇದೆ. ಅದು ಮೂಢನಂಬಿಕೆಯಲ್ಲ. ಗಾಳಿ ಬಿಸಿಯಾದರೆ ಅದರ ತೇವದ ಶೇಕಡಾ ಇಳಿಯುತ್ತದೆ. 27 ಡಿಗ್ರಿಯ ಶೇ. 90ರ ಗಾಳಿಯನ್ನು 35 ಡಿಗ್ರಿಗೆ ತಂದರೆ ಅದು ಶೇ. 57ರ ಹತ್ತಿರ ಬರುತ್ತದೆ. ಕೇಬಲ್, ಮಿಕ್ಸರ್, ಆಂಪ್ಲಿಫೈಯರ್ ಇಡಲು ಇದು ಸಾಕು. ಎಲ್‌ಇಡಿ ಬಲ್ಬ್ ಹಾಕಿದರೆ ಪ್ರಯೋಜನ ಕಡಿಮೆ, ಬೇಕಾಗಿರುವುದು ಬೆಳಕಲ್ಲ, ಬಿಸಿ. ಕರೆಂಟು ಹೋದ ರಾತ್ರಿ ಇದರ ಕೆಲಸವೂ ನಿಲ್ಲುತ್ತದೆ, ಮಳೆಗಾಲದಲ್ಲಿ ಕರೆಂಟು ಹೋಗದ ರಾತ್ರಿ ಎಷ್ಟು ಅಂತ ನಿಮಗೇ ಗೊತ್ತು. ಹಾಗಾಗಿ ಮೈಕ್ ಜೆಲ್ ಡಬ್ಬಿಯಲ್ಲೇ ಇರಲಿ. ಐದಾರು ಮೈಕ್ ಇದ್ದರೆ ಡ್ರೈ ಕ್ಯಾಬಿನೆಟ್ ತೆಗೆದುಕೊಳ್ಳುವುದು ವಾಸಿ. 45ಕ್ಕೆ ಇಟ್ಟು ಮರೆತುಬಿಡಬಹುದು. ಆದರೂ ನಿಮ್ಮ ಮಾಪಕ ಒಂದು ಒಳಗೆ ಇರಲಿ, ಬಾಗಿಲ ಮೇಲಿನ ಅಂಕಿಯನ್ನೇ ನಂಬಬೇಡಿ.

ಕಾರ್ಯಕ್ರಮ ಮುಗಿದ ಕೂಡಲೇ ಮೈಕನ್ನು ಬಿಸಿ ಉಸಿರಿನ ತೇವದ ಸಮೇತ ಪೆಟ್ಟಿಗೆಗೆ ತುರುಕಬೇಡಿ. 48V ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಕೇಬಲ್ ಕೀಳಿ. ಹೊರಮೈ ಒರೆಸಿ ಜೆಲ್ ಪೊಟ್ಟಣ ಇರುವ ಜಿಪ್ ಚೀಲಕ್ಕೆ ಹಾಕಿ, ಮನೆಗೆ ಬಂದ ಮೇಲೆ ಡಬ್ಬಿಗೆ. ಡಬ್ಬಿಯನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ, ಮಳೆ ಹೊಡೆಯುವ ಪಡುವಣ ಗೋಡೆಯಂತೂ ಬೇಡವೇ ಬೇಡ.

ಉಳಿದ ಸಾಮಾನು

ಫೇಡರ್, ಗುಬ್ಬಿ ಪರಪರ ಅಂದರೆ ಪವರ್ ಆಫ್ ಮಾಡಿ, ಆ ಕಡೆ ಈ ಕಡೆ ಇಪ್ಪತ್ತು ಸಲ ಪೂರ್ತಿ ಓಡಿಸಿ. ಅರ್ಧಕ್ಕರ್ಧ ಸಲ ಇಷ್ಟರಲ್ಲೇ ಸರಿಹೋಗುತ್ತದೆ. ಹೋಗದಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪವೇ ಹಾಕಿ. ಬಾಗಿಲ ಕೀಲಿಗೆ ಹೊಡೆಯುವ ತುಕ್ಕಿನ ಸ್ಪ್ರೇ ಹಾಕಿದರೆ ಒಂದು ವಾರ ಚೆನ್ನಾಗಿರುತ್ತದೆ, ಆಮೇಲೆ ಆ ಎಣ್ಣೆಗೆ ಧೂಳು ಅಂಟಿ ಮೊದಲಿಗಿಂತ ಹಾಳಾಗುತ್ತದೆ. ಬಳಸದ ಮಿಕ್ಸರನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಒಂದೆರಡು ಗಂಟೆ ಆನ್ ಇಡಿ, ಅದರ ಬಿಸಿಯೇ ಅದನ್ನು ಒಣಗಿಸುತ್ತದೆ. ಕಂಡೆನ್ಸರ್ ಮೈಕ್‌ನಲ್ಲಿ ಈ ಉಪಾಯ ನಡೆಯುವುದಿಲ್ಲ, ಅದು ತಿನ್ನುವ ಕರೆಂಟು ತೀರಾ ಕಡಿಮೆ, ಬಿಸಿಯೇ ಆಗುವುದಿಲ್ಲ. ವಾಲ್ವ್ ಇರುವ ಮೈಕ್ ಮಾತ್ರ ಇದಕ್ಕೆ ಹೊರತು. ಕೇಬಲ್‌ನ ಪಿನ್ ಕಪ್ಪಾಗಿದ್ದರೆ ಆಲ್ಕೊಹಾಲ್‌ನಿಂದ ಒರೆಸಿ, ಹಲವು ಸಲ ಹಾಕಿ ತೆಗೆದು ಮಾಡಿ.

ರಿಪೇರಿಗೆ ಕಳಿಸುವಾಗ

'ಸದ್ದು ಬರ್ತದೆ' ಅಂತ ಮಾತ್ರ ಬರೆದು ಕಳಿಸಬೇಡಿ. ರಿಪೇರಿಯವರ ಅಂಗಡಿ ಬೆಂಗಳೂರಿನಲ್ಲಿದ್ದರೆ ಕರಾವಳಿಗಿಂತ ಒಣಗಿದ ಅಲ್ಲಿನ ಗಾಳಿಗೆ ಮೈಕ್ ಹೋಗುವ ದಾರಿಯಲ್ಲೇ ಸುಧಾರಿಸಿಬಿಡುತ್ತದೆ, ಅವರು ಹಚ್ಚಿ ನೋಡಿ ದೋಷವೇ ಇಲ್ಲ ಅಂತ ವಾಪಸ್ ಕಳಿಸುತ್ತಾರೆ. ತೇವ ಎಷ್ಟಿದ್ದಾಗ, ಎಷ್ಟು ನಿಮಿಷಕ್ಕೆ ಶುರುವಾಗುತ್ತದೆ, ಒಣಗಿಸಿದರೆ ಹೋಗುತ್ತದೋ ಇಲ್ಲವೋ ಎಂಬ ಮೂರನ್ನು ಚೀಟಿಯಲ್ಲಿ ಬರೆಯಿರಿ. ಚಟಪಟ ಕೇಳುವ ಅರ್ಧ ನಿಮಿಷದ ರೆಕಾರ್ಡಿಂಗನ್ನೂ ಕಳಿಸಿ. ಮೈಕನ್ನು ಜೆಲ್ ಪೊಟ್ಟಣದ ಜೊತೆ ಜಿಪ್ ಚೀಲದಲ್ಲಿ ಮುಚ್ಚಿ, ಅದರ ಮೇಲೆ ಪ್ಯಾಕಿಂಗ್ ಮಾಡಿ. ರಿಪೇರಿಯಿಂದ ಬಂದ ದಿನವೇ ಅದೇ ಹಳೆಯ ಸ್ಪಂಜಿನ ಪೆಟ್ಟಿಗೆಗೆ ಹಾಕಬೇಡಿ, ಆ ಬೂಷ್ಟು ಅಲ್ಲೇ ಕಾಯುತ್ತಿರುತ್ತದೆ.